ದುಂಡು ಪಾತ್ರೆಗೆ ಚೌಕದ ಡ್ರಾಯರ್

ಒಲೆಯ ಮೇಲೆ ಒಗ್ಗರಣೆಯ ಎಣ್ಣೆ ಕಾದಿದೆ, ಸಾಸಿವೆ ಸಿಡಿಯುತ್ತಿದೆ. ಸೌಟು ತೆಗೆಯಲು ಡ್ರಾಯರ್ ಎಳೆದರೆ ನಾಲ್ಕು ಬೆರಳಷ್ಟು ಬಂದು ಗಕ್ಕನೆ ನಿಂತುಬಿಡುತ್ತದೆ. ಒಳಗೆ ಯಾವುದೋ ಹಿಡಿಯ ತುದಿ ಮೇಲಿನ ಪಟ್ಟಿಗೆ ಸಿಕ್ಕಿಕೊಂಡಿದೆ. ಸಂದಿಯಲ್ಲಿ ಬೆರಳು ತೂರಿಸಿ, ತಡಕಾಡಿ, ಅದನ್ನು ಕೆಳಕ್ಕೆ ಒತ್ತಿ ಹಿಡಿದು ಎಳೆಯುವಷ್ಟರಲ್ಲಿ ಸಾಸಿವೆ ಸೀದಿರುತ್ತದೆ.

ಹೊಸದಾಗಿ ಮಾಡ್ಯುಲರ್ ಅಡುಗೆಮನೆ ಮಾಡಿಸಿಕೊಂಡ ಎಷ್ಟೋ ಮನೆಗಳಲ್ಲಿ ಇದು ದಿನನಿತ್ಯದ ಪಾಡು. ತಪ್ಪು ಡ್ರಾಯರಿನದಲ್ಲ, ಸೌಟಿನದೂ ಅಲ್ಲ. ಡ್ರಾಯರ್ ಒಳಗೆ ಕೂರಿಸಿದ ಟ್ರೇ ಬೇರೆ ಯಾವುದೋ ಊಟದ ಮೇಜಿನ ಲೆಕ್ಕದಲ್ಲಿ ತಯಾರಾದದ್ದು.

ಅಂಗಡಿಯಲ್ಲಿ ಕಟ್ಲರಿ ಟ್ರೇ ಎಂದು ಕೇಳಿದರೆ ಸಾಮಾನ್ಯವಾಗಿ ಕೊಡುವುದು ಒಂದೇ ಬಗೆಯ ಪ್ಲಾಸ್ಟಿಕ್ ಟ್ರೇ. ಉದ್ದಕ್ಕೆ ಮೂರೋ ನಾಲ್ಕೋ ಖಾನೆ, ಮುಂದೆ ಅಡ್ಡಕ್ಕೆ ಒಂದು ಖಾನೆ. ಉದ್ದದ ಖಾನೆಗಳು ಸುಮಾರು 22ರಿಂದ 25 ಸೆಂ.ಮೀ., ಎತ್ತರ 5 ಸೆಂ.ಮೀ. ಆಸುಪಾಸು. ತಟ್ಟೆಯ ಪಕ್ಕದಲ್ಲಿ ಒಬ್ಬೊಬ್ಬರಿಗೆ ಒಂದು ಚಾಕು, ಒಂದು ಫೋರ್ಕ್, ಒಂದು ಚಮಚ ಇಡುವ ಮನೆಗೆ ಇದು ಹೇಳಿ ಮಾಡಿಸಿದ ಅಳತೆ. ಕೈಯಲ್ಲಿ ಉಣ್ಣುವ ನಮ್ಮ ಮನೆಗಳಲ್ಲಿ ಫೋರ್ಕ್ ನಾಲ್ಕಿದ್ದರೆ ಹೆಚ್ಚು. ಆದರೆ ಸಾರಿಗೊಂದು, ಹುಳಿಗೊಂದು, ಅನ್ನಕ್ಕೊಂದು ಕೈ, ಪಲ್ಯಕ್ಕೊಂದು, ಕರಿಯಲು ಜಾಲರಿ ಸೌಟು, ದೋಸೆ ಮಗುಚುವ ಕೈ, ಲಟ್ಟಣಿಗೆ, ಇಕ್ಕಳ, ಕಡಗೋಲು, ಗ್ಯಾಸ್ ಲೈಟರ್ ಹೀಗೆ ಉದ್ದನೆಯ ಸಾಮಾನು ಒಂದು ರಾಶಿ. ಇವುಗಳಲ್ಲಿ ಹೆಚ್ಚಿನವು 30 ಸೆಂ.ಮೀ. ದಾಟುತ್ತವೆ. ಟ್ರೇಯಲ್ಲಿ ಹಿಡಿಸದ ಇವೆಲ್ಲ ಅದರ ಮೇಲೆ ಅಡ್ಡಾದಿಡ್ಡಿ ಬೀಳುತ್ತವೆ. ಡ್ರಾಯರ್ ಸಿಕ್ಕಿಕೊಳ್ಳುವುದು ಅಲ್ಲಿಂದ ಶುರು.

ಹಿಂದಿನ ಅಡುಗೆಮನೆಯಲ್ಲಿ ಈ ಸಮಸ್ಯೆ ಇರಲಿಲ್ಲ. ಗೋಡೆಗೆ ಹೊಡೆದ ಸ್ಟೀಲ್ ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಅದರಲ್ಲಿ ತಟ್ಟೆಗಳನ್ನು ನಿಲ್ಲಿಸಲು ಕಂಬಿಗಳ ಸಾಲು, ಲೋಟಗಳಿಗೆ ಒಂದು ಅಂತಸ್ತು, ಚಮಚಕ್ಕೆ ತೂತಿನ ಡಬ್ಬ, ಸೌಟು ನೇತುಹಾಕಲು ಕೊಕ್ಕೆ ಎಲ್ಲವೂ ಇದ್ದವು. ಪ್ರತಿ ಸಾಮಾನಿಗೂ ಅದರ ಆಕಾರಕ್ಕೆ ತಕ್ಕ ಜಾಗ ಇತ್ತು. ಸ್ಟ್ಯಾಂಡ್ ಇಳಿಸಿ ಎಲ್ಲವನ್ನೂ ಕಪಾಟಿನೊಳಗೆ ಸೇರಿಸಿದಾಗ ಸಾಮಾನು ಒಳಗೆ ಬಂತು, ಅದರ ಜಾಗ ಮಾತ್ರ ಜೊತೆಯಲ್ಲಿ ಬರಲಿಲ್ಲ. ಡ್ರಾಯರಿನ ಅಡ್ಡಪಟ್ಟಿಗಳು ಮಾಡಬೇಕಾದ ಕೆಲಸ ಆ ಜಾಗವನ್ನು ಮತ್ತೆ ಕಟ್ಟಿಕೊಡುವುದು.

ಅಳತೆ ಸಾಮಾನಿನಿಂದ

ಅಡುಗೆಮನೆ ಮಾಡಿಸುವಾಗ ಸಾಮಾನ್ಯವಾಗಿ ಮೊದಲು ಕಪಾಟು, ಆಮೇಲೆ ಡ್ರಾಯರ್, ಕೊನೆಗೆ ಟ್ರೇ ಬರುತ್ತದೆ. ಸಾಮಾನು ಹೇಗೋ ಹೊಂದಿಕೊಳ್ಳಲಿ ಎಂದು ಬಿಡುತ್ತಾರೆ. ಇದನ್ನು ತಿರುವುಮುರುವು ಮಾಡಬೇಕು.

1926ರಲ್ಲಿ ವಾಸ್ತುಶಿಲ್ಪಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್‌ಕಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿ ಬಡಾವಣೆಗಳಿಗಾಗಿ ಒಂದು ಪುಟ್ಟ ಅಡುಗೆಮನೆ ರೂಪಿಸಿದರು. ಇಂದಿನ ಮಾಡ್ಯುಲರ್ ಅಡುಗೆಮನೆಗಳ ಮೂಲ ಎಂದು ಅದನ್ನೇ ಹೇಳುವುದು. ಅದರಲ್ಲಿ ಅಕ್ಕಿ, ಸಕ್ಕರೆಯಂಥ ದಿನಬಳಕೆಯ ದಿನಸಿಗೆ ಅಲ್ಯೂಮಿನಿಯಂನ ಸಣ್ಣ ಸಣ್ಣ ಡ್ರಾಯರುಗಳಿದ್ದವು. ಪ್ರತಿಯೊಂದರ ಮೇಲೂ ಒಳಗಿನ ವಸ್ತುವಿನ ಹೆಸರು. ಹೊರಗೆಳೆದು ನೇರವಾಗಿ ಪಾತ್ರೆಗೆ ಸುರಿಯಲು ಅನುಕೂಲವಾಗುವಂತೆ ಅವಕ್ಕೆ ಮೂತಿಯನ್ನೂ ಕೊಟ್ಟಿದ್ದರು. ಒಳಗೆ ಏನಿರುತ್ತದೆ ಎಂಬುದನ್ನು ನೋಡಿ ಡ್ರಾಯರನ್ನು ರೂಪಿಸಿದ ಕ್ರಮ ಅದು. ನಮ್ಮ ಮನೆಗೂ ಅದೇ ಕ್ರಮ ಬೇಕು, ಅಳತೆಗಳು ಮಾತ್ರ ನಮ್ಮವಾಗಿರಬೇಕು.

ಅಳೆಯುವುದಕ್ಕೆ ಅರ್ಧ ಗಂಟೆ ಸಾಕು. ಡ್ರಾಯರಿಗೆ ಹೋಗಬೇಕಾದ ಎಲ್ಲವನ್ನೂ ನೆಲದ ಮೇಲೆ ಹಳೆಯ ಪಂಚೆ ಹಾಸಿ ಹರಡಿಕೊಳ್ಳಬೇಕು. ತೀರಾ ಉದ್ದದ ಸೌಟು, ತೀರಾ ಅಗಲದ ತಟ್ಟೆ, ಒಗ್ಗರಣೆ ಡಬ್ಬಿಯ ಹೊರಸುತ್ತಿನ ಅಗಲ, ದಿನಬಳಕೆಯ ಬಟ್ಟಲು, ಲೋಟ ಈ ಐದರ ಅಳತೆ ಬರೆದಿಟ್ಟುಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು. ಎತ್ತರ ಅಳೆಯುವಾಗ ಮಾತ್ರ ಎಚ್ಚರ ಬೇಕು. ಸೌಟನ್ನು ಡ್ರಾಯರಿನಲ್ಲಿ ಮಲಗಿಸುವ ಹಾಗೆಯೇ ನೆಲದ ಮೇಲೆ ಮಲಗಿಸಿ ಅಳೆಯಬೇಕು. ಹಿಡಿ ಬಾಗಿರುವ ಸಾರಿನ ಸೌಟು ಮಲಗಿದಾಗ ಅದರ ಬಟ್ಟಲಿಗಿಂತ ಹಿಡಿಯ ತುದಿಯೇ ಮೇಲೆ ಎದ್ದಿರುತ್ತದೆ.

ಡ್ರಾಯರ್ ಸಿಕ್ಕಿಕೊಳ್ಳುವ ಗುಟ್ಟು ಈ ತುದಿಯಲ್ಲೇ ಇದೆ. ಕಪಾಟಿನ ಬಾಯಿಯಲ್ಲಿ, ಗ್ರಾನೈಟ್ ಕಟ್ಟೆಯ ಕೆಳಗೆ, ಒಂದು ಅಡ್ಡಪಟ್ಟಿ ಇರುತ್ತದೆ. ಆ ಪಟ್ಟಿಯ ಹಿಂದೆ ಒಳಗಡೆ ಜಾಗ ಇನ್ನೂ ಎತ್ತರ. ಡ್ರಾಯರನ್ನು ರಭಸದಿಂದ ಮುಚ್ಚಿದಾಗ ಸೌಟುಗಳು ಕುಲುಕಿ ಒಂದರ ಮೇಲೊಂದು ಏರುತ್ತವೆ, ಒಳಗೆ ಎತ್ತರವಿರುವುದರಿಂದ ಆರಾಮವಾಗಿ ನಿಲ್ಲುತ್ತವೆ. ಎಳೆಯುವಾಗ ಬಾಯಿಯ ಪಟ್ಟಿಗೆ ತಗಲುತ್ತವೆ. ಹೀಗಾಗಿ ಅಳೆಯಬೇಕಾದ ಎತ್ತರ ಡ್ರಾಯರಿನ ತಳದಿಂದ ಬಾಯಿಯ ಪಟ್ಟಿಯ ಕೆಳ ಅಂಚಿನವರೆಗೆ. ಮಲಗಿಸಿದ ಸಾಮಾನು ಅದಕ್ಕಿಂತ ಕನಿಷ್ಠ 1 ಸೆಂ.ಮೀ. ತಗ್ಗಿರಬೇಕು. ಮೀರಿದ ಸೌಟಿಗೆ ಗೋಡೆಯ ಕೊಕ್ಕೆಯೇ ಸರಿ.

ಅರವತ್ತರ ಕಪಾಟು, ಐವತ್ತೊಂದರ ಡ್ರಾಯರ್

60 ಸೆಂ.ಮೀ. ಅಗಲದ ಕಪಾಟಿನಲ್ಲಿ ಒಂದರ ಕೆಳಗೊಂದು ಮೂರು ಡ್ರಾಯರ್ ಇವೆ ಎಂದುಕೊಳ್ಳೋಣ. ಕಟ್ಟೆಯ ಕೆಳಗೆ, ಒಲೆಯ ಪಕ್ಕದಲ್ಲಿ ಹೆಚ್ಚಾಗಿ ಕಾಣುವ ಜೋಡಣೆ ಇದು. ಬಹಳ ಮಂದಿ 60ರ ಕಪಾಟಿಗೆ 60ರ ಟ್ರೇ ಎಂದುಕೊಂಡು ಅಂಗಡಿಗೆ ಹೋಗುತ್ತಾರೆ. ಒಳಗೆ ಸಿಗುವುದು ಅಷ್ಟಲ್ಲ.

ಕಪಾಟಿನ ಎರಡೂ ಬದಿಯ ಹಲಗೆ 18 ಮಿ.ಮೀ. ದಪ್ಪ. ಅವನ್ನು ಕಳೆದರೆ 56.4 ಸೆಂ.ಮೀ. ಉಳಿಯಿತು. ಬದಿಗೆ ಜೋಡಿಸುವ ಟೆಲಿಸ್ಕೋಪಿಕ್ ಚಾನೆಲ್ ಒಂದೊಂದು ಬದಿಗೂ ಸುಮಾರು ಅರ್ಧ ಇಂಚು ತಿನ್ನುತ್ತದೆ, ಎರಡೂ ಸೇರಿ 2.6 ಸೆಂ.ಮೀ. ಅಲ್ಲಿಗೆ ಡ್ರಾಯರಿನ ಹೊರ ಅಗಲ 53.8. ಡ್ರಾಯರಿನ ಬದಿಗಳು 12 ಮಿ.ಮೀ. ಪ್ಲೈವುಡ್ ಆದರೆ ಒಳಗೆ ಉಳಿಯುವುದು 51.4 ಸೆಂ.ಮೀ. ಉದ್ದಕ್ಕೂ ಇದೇ ಲೆಕ್ಕ. 50 ಸೆಂ.ಮೀ. ಚಾನೆಲ್ ಹಾಕಿದ್ದರೆ ಹಿಂದು ಮುಂದಿನ ಹಲಗೆ ಕಳೆದು ಒಳಗೆ 47.6 ಸಿಗುತ್ತದೆ. 60 ಎಂದು ತಂದ ಟ್ರೇ ಕೂರದೆ ಹಿಂದಿರುಗುವುದು ಈ ಎಂಟೂವರೆ ಸೆಂ.ಮೀ. ಲೆಕ್ಕದಿಂದ.

ಮೇಲಿನ ಡ್ರಾಯರಿಗೆ ಬರೋಣ. ಇಲ್ಲಿ ಸಿಗುವ ಎತ್ತರ ಸಾಮಾನ್ಯವಾಗಿ 8ರಿಂದ 10 ಸೆಂ.ಮೀ. ಇದು ಚಮಚ, ಸೌಟು, ಚಾಕುಗಳ ಮನೆ. 51.4ರ ಅಗಲವನ್ನು 6 ಮಿ.ಮೀ. ದಪ್ಪದ ನಾಲ್ಕು ಪಟ್ಟಿಗಳಿಂದ ಐದು ಓಣಿಗಳಾಗಿ ಸೀಳಬಹುದು. ಎಡದಿಂದ ಎರಡು ಓಣಿ 8 ಸೆಂ.ಮೀ. ಅಗಲ, ಮೂರನೆಯದು 7, ನಾಲ್ಕನೆಯದು 14, ಐದನೆಯದು 12. ಓಣಿಗಳು ಸೇರಿ 49, ಪಟ್ಟಿಗಳು ಸೇರಿ 2.4, ಒಟ್ಟು ಸರಿಯಾಗಿ 51.4.

ಮೊದಲ ಮೂರು ಸಣ್ಣ ಓಣಿಗಳಿಗೆ ಮುಂಭಾಗದಿಂದ 20 ಸೆಂ.ಮೀ. ದೂರದಲ್ಲಿ ಒಂದು ಅಡ್ಡತಡೆ ಹಾಕಬೇಕು. ಮುಂದಿನ ಖಾನೆಗಳಲ್ಲಿ ಊಟದ ಚಮಚ, ಟೀ ಚಮಚ, ಫೋರ್ಕ್. ತಡೆಯ ಹಿಂದೆ ಉಳಿಯುವ 27 ಸೆಂ.ಮೀ. ಉದ್ದದಲ್ಲಿ ಚಾಕು, ಸಿಪ್ಪೆ ತೆಗೆಯುವ ಪೀಲರ್, ಲೈಟರ್, ಕುಕ್ಕರಿನ ಬಿಡಿ ಗ್ಯಾಸ್ಕೆಟ್. ನಾಲ್ಕು ಮತ್ತು ಐದನೆಯ ಓಣಿಗೆ ಅಡ್ಡತಡೆ ಬೇಡ, 47.6ರ ಪೂರ್ತಿ ಉದ್ದ ಸೌಟುಗಳಿಗೂ ಲಟ್ಟಣಿಗೆ, ಕಡಗೋಲುಗಳಿಗೂ ಸಲ್ಲಲಿ. ಸೌಟುಗಳ ಬಟ್ಟಲನ್ನು ಒಂದು ಹಿಂದಕ್ಕೆ, ಒಂದು ಮುಂದಕ್ಕೆ ಮಾಡಿ ಮಲಗಿಸಿದರೆ ಅದೇ 14 ಸೆಂ.ಮೀ. ಓಣಿಯಲ್ಲಿ ಇನ್ನೂ ಒಂದೆರಡು ಹಿಡಿಸುತ್ತವೆ, ಬಟ್ಟಲಿನ ಮೇಲೆ ಬಟ್ಟಲು ಏರುವುದಿಲ್ಲ. ರಾಗಿ ಮುದ್ದೆ ತಿರುವುವ ಉದ್ದನೆಯ ಕೋಲು ಮಾತ್ರ ಇಲ್ಲಿ ಹಿಡಿಸದು. ಅದನ್ನು ಗೋಡೆಗೆ ನೇತುಹಾಕುವುದೇ ಒಳ್ಳೆಯದು.

ಪಟ್ಟಿಗಳ ಎತ್ತರ 5 ಸೆಂ.ಮೀ. ಇದ್ದರೆ ಸಾಕು. ಅದಕ್ಕಿಂತ ಎತ್ತರ ಮಾಡಿದರೆ ತಳದಲ್ಲಿರುವ ಚಮಚ ತೆಗೆಯಲು ಬೆರಳು ಬಾಗಿಸಿ ಕೆದಕಬೇಕಾಗುತ್ತದೆ. ತೀರಾ ತಗ್ಗಿಸಿದರೆ ಚಮಚಗಳು ಪಕ್ಕದ ಓಣಿಗೆ ಹಾರುತ್ತವೆ.

ಏಳು ಬಟ್ಟಲಿನ ಲೆಕ್ಕ

ಎರಡನೆಯ ಡ್ರಾಯರ್ ಮಸಾಲೆಯದು. ಒಗ್ಗರಣೆ ಡಬ್ಬಿಯ ಒಳಗೆ ಒಂದು ಸೊಗಸಾದ ರೇಖಾಗಣಿತವಿದೆ. ನಡುವೆ ಒಂದು ಬಟ್ಟಲು, ಸುತ್ತ ಆರು. ಒಂದೇ ಅಳತೆಯ ಬಟ್ಟಲುಗಳಾದರೆ ಆರೂ ನಡುವಿನದಕ್ಕೂ ತಾಗುತ್ತವೆ, ತಮ್ಮ ಅಕ್ಕಪಕ್ಕದವಕ್ಕೂ ತಾಗುತ್ತವೆ. ಹೀಗಾಗಿ ಡಬ್ಬಿಯ ಒಳ ಅಗಲ ಒಂದು ಬಟ್ಟಲಿನ ಸರಿಯಾಗಿ ಮೂರರಷ್ಟು. 7 ಸೆಂ.ಮೀ. ಬಟ್ಟಲಿದ್ದರೆ ಡಬ್ಬಿ 21, ಮುಚ್ಚಳದ ಅಂಚು ಸೇರಿ 22 ಸೆಂ.ಮೀ. ಆಗುತ್ತದೆ. ಹೊಸ ಡಬ್ಬಿ ಕೊಳ್ಳುವಾಗ ಬಟ್ಟಲೊಂದನ್ನು ಅಳೆದು ಮೂರರಿಂದ ಗುಣಿಸಿ ಒಂದು ಸೇರಿಸಿದರೆ ಡ್ರಾಯರಿನಲ್ಲಿ ಅದಕ್ಕೆ ಎಷ್ಟು ಜಾಗ ಬೇಕೆಂದು ಅಂಗಡಿಯಲ್ಲೇ ಗೊತ್ತಾಗುತ್ತದೆ.

ದುಂಡು ಡಬ್ಬಿಯನ್ನು ಚೌಕದ ಖಾನೆಯಲ್ಲಿಟ್ಟರೆ ನಾಲ್ಕು ಮೂಲೆಗಳಲ್ಲಿ ಒಟ್ಟು ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಜಾಗ ಖಾಲಿ ಉಳಿಯುತ್ತದೆ. ಇದು ದಂಡ ಎಂದು ಕೆಲವರು ಚೌಕದ ಡಬ್ಬಿಗಳನ್ನು ಕೊಳ್ಳುತ್ತಾರೆ. ಖಾನೆಯಿಂದ ಡಬ್ಬಿ ಎತ್ತಲು ಬೆರಳು ಇಳಿಯಬೇಕಲ್ಲ, ಆ ಮೂಲೆಗಳು ಇರುವುದೇ ಅದಕ್ಕೆ. ಚೌಕದ ಡಬ್ಬಿಯನ್ನು ಚೌಕದ ಖಾನೆಯಲ್ಲಿ ಬಿಗಿಯಾಗಿ ಕೂರಿಸಿದರೆ ಎತ್ತಲು ಹಿಡಿತವೇ ಸಿಗುವುದಿಲ್ಲ.

ಅದೇ 51.4ರ ಅಗಲದಲ್ಲಿ 22ರ ಎರಡು ಡಬ್ಬಿಗಳು ಅಕ್ಕಪಕ್ಕ ಕೂರುತ್ತವೆ. ಒಂದರಲ್ಲಿ ಸಾಸಿವೆ, ಜೀರಿಗೆ, ಮೆಂತ್ಯ, ಉದ್ದಿನಬೇಳೆ, ಕಡಲೆಬೇಳೆ, ಅರಿಶಿನ, ಖಾರದ ಪುಡಿ. ಇನ್ನೊಂದರಲ್ಲಿ ಚಕ್ಕೆ, ಲವಂಗ, ಮೆಣಸು, ಗಸಗಸೆಯಂಥವು. ಎರಡು ಪಟ್ಟಿ ಕಳೆದು ಪಕ್ಕದಲ್ಲಿ 6 ಸೆಂ.ಮೀ. ಓಣಿ ಉಳಿಯುತ್ತದೆ. ಇಂಗು, ಏಲಕ್ಕಿ, ಕೇಸರಿಯ ಪುಟ್ಟ ಸೀಸೆಗಳು ಅಲ್ಲಿ ಸಾಲಾಗಿ ನಿಲ್ಲುತ್ತವೆ. ಇಂಗು ಪಕ್ಕದ ಪುಡಿಗಳಿಗೆ ತನ್ನ ವಾಸನೆ ಹಚ್ಚುವುದರಿಂದ ಬೇರೆಯೇ ಮುಚ್ಚಳದ ಡಬ್ಬಿಯಲ್ಲಿರಲಿ. ಡಬ್ಬಿಗಳ ಹಿಂದೆ ಉಳಿದ 25 ಸೆಂ.ಮೀ. ಆಳದಲ್ಲಿ 12 ಸೆಂ.ಮೀ. ಅಗಲದ ಸ್ಟೀಲ್ ಡಬ್ಬಗಳು ಸಾಲಿಗೆ ನಾಲ್ಕರಂತೆ ಎರಡು ಸಾಲು, ಒಟ್ಟು ಎಂಟು ಹಿಡಿಸುತ್ತವೆ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಧನಿಯ, ಒಣಮೆಣಸಿನಕಾಯಿ ಎಲ್ಲಕ್ಕೂ ಜಾಗವಾಯಿತು. ಹೆಸರಿನ ಚೀಟಿಯನ್ನು ಡಬ್ಬದ ಹೊಟ್ಟೆಗೆ ಅಂಟಿಸಬೇಡಿ, ಮುಚ್ಚಳಕ್ಕೆ ಅಂಟಿಸಿ. ಡ್ರಾಯರಿನಲ್ಲಿ ನೋಡುವುದು ಮೇಲಿನಿಂದ.

ಇಲ್ಲಿ ಎರಡು ಎಚ್ಚರಿಕೆ. ಮಸಾಲೆಯ ಡ್ರಾಯರ್ ಒಲೆಯ ಪಕ್ಕದಲ್ಲಿರಲಿ, ನೇರ ಕೆಳಗೆ ಬೇಡ. ಸಾಂಬಾರ ಪದಾರ್ಥಗಳ ಘಮ ಅವುಗಳ ಎಣ್ಣೆಯಲ್ಲಿರುತ್ತದೆ, ಆ ಎಣ್ಣೆ ಬಿಸಿಗೆ ಬೇಗ ಆರಿಹೋಗುತ್ತದೆ. ಇನ್ನೊಂದು ಉಪ್ಪಿನದು. ಒದ್ದೆಯಾದ ಉಪ್ಪು ಸ್ಟೇನ್‌ಲೆಸ್ ಸ್ಟೀಲನ್ನೂ ಕೊರೆಯುತ್ತದೆ. ಮಳೆಗಾಲ ಕಳೆದ ಮೇಲೆ ಉಪ್ಪಿನ ಬಟ್ಟಲಿನ ತಳದಲ್ಲಿ ಸೂಜಿಮೊನೆಯಂಥ ಕಪ್ಪು ಚುಕ್ಕೆಗಳು ಕಂಡರೆ ಅದು ಕೊರೆತದ ಗುರುತು. ಅಜ್ಜಿಯರು ಉಪ್ಪು, ಹುಣಸೆಹಣ್ಣನ್ನು ಭರಣಿಯಲ್ಲಿಡುತ್ತಿದ್ದರು. ಡ್ರಾಯರಿನ ಕಾಲದಲ್ಲೂ ಅವು ಅಲ್ಲೇ ಇರಲಿ.

ತಟ್ಟೆ, ಬಟ್ಟಲು, ಮೂರು ಗೂಟ

ಕೆಳಗಿನ ಆಳವಾದ ಡ್ರಾಯರ್ ಭಾರದ ಸ್ಟೀಲ್ ಸಾಮಾನಿನದು. ನೇರ ಪಟ್ಟಿಗಳು ಇಲ್ಲಿ ಅಷ್ಟಾಗಿ ಒದಗುವುದಿಲ್ಲ. ತಟ್ಟೆಯೂ ದುಂಡು, ಬಟ್ಟಲೂ ದುಂಡು, ತಪ್ಪಲೆಯೂ ದುಂಡು. ಒಂದೊಂದರ ಅಗಲವೂ ಬೇರೆ. ಇವತ್ತು 30ರ ತಟ್ಟೆಗೆ ಮಾಡಿಸಿದ ಖಾನೆ ನಾಳೆ 26ರ ಪಾತ್ರೆಗೆ ಸಡಿಲವಾಗುತ್ತದೆ.

ಇದಕ್ಕೆ ಗೂಟದ ಹಲಗೆ ಒಳ್ಳೆಯ ಪರಿಹಾರ. ಸಮಾನ ಅಂತರದಲ್ಲಿ ತೂತು ಕೊರೆದ ಹಲಗೆಯನ್ನು ಡ್ರಾಯರಿನ ತಳಕ್ಕೆ ಹಾಸಿ, ಬೇಕಾದ ತೂತಿಗೆ ಮರದ ಗೂಟ ಸಿಕ್ಕಿಸುವುದು. ದುಂಡಗಿನ ಯಾವ ಪಾತ್ರೆಯನ್ನಾದರೂ ಸುತ್ತಲೂ ಮೂರು ಕಡೆ ಗೂಟವಿಟ್ಟು ಅಲುಗದಂತೆ ನಿಲ್ಲಿಸಬಹುದು. ಪಾತ್ರೆ ಬದಲಾದರೆ ಗೂಟವನ್ನು ಕಿತ್ತು ಬೇರೆ ತೂತಿಗೆ ಹಾಕಿದರಾಯಿತು. ಇಂಥ ಹಲಗೆ ಸಿದ್ಧವಾಗಿಯೂ ಸಿಗುತ್ತದೆ. ಬಡಗಿಯಿಂದ ಮಾಡಿಸುವುದಾದರೆ 18 ಮಿ.ಮೀ. ಹಲಗೆಯೇ ಬೇಕು. ಅದಕ್ಕಿಂತ ತೆಳುವಾದರೆ ಗೂಟದ ಬುಡಕ್ಕೆ ಹಿಡಿತ ಸಾಲದೆ ಅದು ಓಲಾಡುತ್ತದೆ.

ನಮ್ಮ ಡ್ರಾಯರಿನಲ್ಲಿ 30 ಸೆಂ.ಮೀ. ತಟ್ಟೆಗಳ ರಾಶಿಯನ್ನು ಮುಂದಿನ ಎಡಮೂಲೆಯಲ್ಲಿ ಇಡೋಣ. ಅದರ ಬಲಕ್ಕೆ 21 ಸೆಂ.ಮೀ. ಉಳಿಯಿತು. 10 ಸೆಂ.ಮೀ. ಬಟ್ಟಲುಗಳು ಅಲ್ಲಿ ಎರಡರಂತೆ ನಾಲ್ಕು ಸಾಲು ಬರುತ್ತವೆ, ಒಂದರೊಳಗೊಂದು ಜೋಡಿಸಿದರೆ ದಿನದ ಬಳಕೆಗೆ ಬೇಕಾದಷ್ಟಾಯಿತು. ತಟ್ಟೆಗಳ ಹಿಂದೆ ಉಳಿದ 17 ಸೆಂ.ಮೀ.ನಲ್ಲಿ 7 ಸೆಂ.ಮೀ. ಅಗಲದ ಲೋಟಗಳು ನಾಲ್ಕರಂತೆ ಎರಡು ಸಾಲು ನಿಲ್ಲುತ್ತವೆ. ತಟ್ಟೆಯ ರಾಶಿಗೆ ಗೂಟ ಕಡ್ಡಾಯ. ನಯವಾದ ಸ್ಟೀಲ್ ಮೇಲೆ ಸ್ಟೀಲ್ ಜಾರುವುದರಿಂದ ಡ್ರಾಯರ್ ರಭಸದಿಂದ ಎಳೆದಾಗ ಮೇಲಿನ ನಾಲ್ಕು ತಟ್ಟೆ ಹಿಂದಕ್ಕೆ ಸರಿದು ಲೋಟಗಳನ್ನು ಬೀಳಿಸುತ್ತವೆ.

ಭಾರವನ್ನೂ ನೋಡಬೇಕು. ಟೆಲಿಸ್ಕೋಪಿಕ್ ಚಾನೆಲ್ ಜೋಡಿಗಳು ಹೆಚ್ಚಾಗಿ 35 ಅಥವಾ 45 ಕೆ.ಜಿ. ಹೊರುವ ಲೆಕ್ಕದಲ್ಲಿ ಬರುತ್ತವೆ. ಡ್ರಾಯರಿನ ಮರ, ಗೂಟದ ಹಲಗೆಯ ಎರಡೂವರೆ ಕೆ.ಜಿ. ಎಲ್ಲವೂ ಅದರಲ್ಲೇ ಸೇರಬೇಕು. ಪಾತ್ರೆಗಳನ್ನು ಚೀಲದಲ್ಲಿ ತುಂಬಿ, ಹಿಡಿದುಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಭಾರ ಗೊತ್ತಾಗುತ್ತದೆ. ಪೂರ್ತಿ ಎಳೆದಾಗ ಡ್ರಾಯರಿನ ಮೂತಿ ಕೆಳಕ್ಕೆ ಬಾಗಿದರೆ, ಅಥವಾ ಮುಚ್ಚಿದಾಗ ಮುಂದಿನ ಹಲಗೆಯ ಕೆಳ ಅಂಚು ಉಜ್ಜಿದರೆ, ಭಾರ ಮೀರಿದೆ ಎಂದೇ ತಿಳಿಯಬೇಕು.

ಯಾವುದರಿಂದ ಮಾಡಿಸುವುದು

ಸ್ಟೀಲ್ ಕಂಬಿಯ ಬುಟ್ಟಿ ಹಾಕಿಸಿರುವ ಮನೆಗಳೂ ಬಹಳ. ಒದ್ದೆ ಪಾತ್ರೆಯ ನೀರು ಬಸಿದುಹೋಗುವುದು, ಗಾಳಿಯಾಡುವುದು ಅದರ ಅನುಕೂಲ. ಟೀ ಚಮಚ ಕಂಬಿಗಳ ನಡುವೆ ನುಸುಳುವುದು ಅನನುಕೂಲ. ಚಮಚದ ಬುಟ್ಟಿಗೆ ತೂತಿನ ತಗಡಿನ ತಳವಿರುವುದನ್ನೇ ಆರಿಸಬೇಕು, ಇಲ್ಲವೇ ಒಳಗೆ ಟ್ರೇ ಇಡಬೇಕು. ಕಂಬಿ ಬುಟ್ಟಿಗಳು ಮೊದಲು ತುಕ್ಕು ಹಿಡಿಯುವುದು ಬೆಸುಗೆಯ ಜಾಗದಲ್ಲಿ. ಅಂಗಡಿಯವರು ಅಯಸ್ಕಾಂತ ಹಿಡಿದು, ಅಂಟಲಿಲ್ಲ ನೋಡಿ, 304 ಸ್ಟೀಲ್ ಎಂದು ತೋರಿಸುತ್ತಾರೆ. 304ರಲ್ಲಿ ಸುಮಾರು ಶೇಕಡ 18 ಕ್ರೋಮಿಯಂ, 8 ನಿಕಲ್ ಇರುತ್ತದೆ. ಅಗ್ಗದ 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ, ಅದು ತೇವಕ್ಕೆ ಬೇಗ ಸೋಲುತ್ತದೆ. ಆದರೆ ಅಯಸ್ಕಾಂತ ಎರಡಕ್ಕೂ ಅಂಟುವುದಿಲ್ಲ. ಹಾಗಾಗಿ ಆ ಪರೀಕ್ಷೆಯನ್ನು ನಂಬದೆ ಬಿಲ್ಲಿನ ಮೇಲೆ ದರ್ಜೆ ಬರೆಸಿಕೊಳ್ಳುವುದು ಒಳ್ಳೆಯದು. ಕರಾವಳಿ, ಮಲೆನಾಡಿನ ಮನೆಗಳಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಮರದ ಪಟ್ಟಿಗಳಿಗೆ 6 ಮಿ.ಮೀ. ಪ್ಲೈವುಡ್ ಸಾಕು. ನೀರಿಗೆ ತಾಳುವ ಪ್ಲೈವುಡ್ ಬೇಕಿದ್ದರೆ ಐಎಸ್ 710 ಎಂಬ ಗುರುತನ್ನು ನೋಡಿ ಕೊಳ್ಳಬಹುದು. ಪಟ್ಟಿಗಳನ್ನು ಡ್ರಾಯರಿಗೆ ಮೊಳೆ ಹೊಡೆದು ಕೂರಿಸುವ ಬಡಗಿಗಳಿದ್ದಾರೆ, ಅದು ಬೇಡ. ಒಂದು ಪಟ್ಟಿಯ ಮೇಲರ್ಧಕ್ಕೆ ಸೀಳು, ಅದನ್ನು ದಾಟುವ ಪಟ್ಟಿಯ ಕೆಳರ್ಧಕ್ಕೆ ಸೀಳು ಕೊಯ್ದು ಒಂದರೊಳಗೊಂದು ಇಳಿಸಿದರೆ ಇಡೀ ಚೌಕಟ್ಟು ಮೊಳೆಯಿಲ್ಲದೆ ನಿಲ್ಲುತ್ತದೆ, ಎತ್ತಿದರೆ ಒಟ್ಟಿಗೇ ಬರುತ್ತದೆ. ಇದು ಮುಖ್ಯ, ಏಕೆಂದರೆ ಉದುರಿದ ಪುಡಿ, ಕಾಳು ಸೇರುವುದು ಪಟ್ಟಿಗಳ ಬುಡದಲ್ಲಿ, ಜಿರಲೆ ಮರಿ ಮಾಡುವುದೂ ಟ್ರೇಯ ಅಡಿಯಲ್ಲಿ. ಎತ್ತಲು ಬಾರದ ಚೌಕಟ್ಟನ್ನು ಯಾರೂ ತೊಳೆಯುವುದಿಲ್ಲ. ಮರವಾದರೆ ವಾರ್ನಿಷ್ ಬಳಿಸಿ, ಚಮಚಗಳನ್ನು ಒರೆಸಿ ಇಡಬೇಕು. ತೇವ ಉಳಿದರೆ ಮುಗ್ಗುಲು ವಾಸನೆ ಬರುತ್ತದೆ, ಖಾನೆಯ ಮೂಲೆಗಳು ಕಪ್ಪಾಗುತ್ತವೆ.

ಹಳೆಯ ಡ್ರಾಯರಿಗೆ ಸಿದ್ಧ ಟ್ರೇಯೇ ಬೇಕೆಂದರೆ ಅಂಚಿನಲ್ಲಿ ಅಗಲವಾದ ಚಪ್ಪಟೆ ಭಾಗವಿರುವ ಟ್ರೇಗಳು ಸಿಗುತ್ತವೆ. ಆ ಅಂಚನ್ನು ಚೂಪಾದ ಚಾಕುವಿನಿಂದ ಬೇಕಾದ ಅಳತೆಗೆ ಕೊಯ್ದುಕೊಳ್ಳಬಹುದು. ಟ್ರೇಗೂ ಡ್ರಾಯರಿಗೂ ನಡುವೆ 2ರಿಂದ 3 ಮಿ.ಮೀ. ಸಡಿಲವಿದ್ದರೆ ಎತ್ತಲು ಸುಲಭ. ಅದಕ್ಕಿಂತ ಹೆಚ್ಚು ಸಡಿಲವಾದರೆ ಅಡಿಗೆ ರಬ್ಬರ್ ಮ್ಯಾಟ್ ಹಾಸಬೇಕು. ಮ್ಯಾಟ್ ಹಾಸಿದರೆ ಟ್ರೇ ಜಾರುವುದೂ ನಿಲ್ಲುತ್ತದೆ, ಸ್ಟೀಲಿನ ಗಲಾಟೆಯೂ ತಗ್ಗುತ್ತದೆ.

ಬಡಗಿಗೆ ಹೇಳುವ ಮೊದಲು ಒಂದು ಕೆಲಸ ಮಾಡಿ. ದಪ್ಪ ರಟ್ಟನ್ನು ಇದೇ ಅಳತೆಯ ಪಟ್ಟಿಗಳಾಗಿ ಕತ್ತರಿಸಿ, ಸೀಳಿಗೆ ಸೀಳು ಸೇರಿಸಿ, ಡ್ರಾಯರಿನಲ್ಲಿಟ್ಟು ಎರಡು ವಾರ ಬಳಸಿ ನೋಡಿ. ಸೌಟಿನ ಓಣಿ ಸಾಲದೆ ಬಂದರೆ, ಚಮಚದ ಖಾನೆ ಹೆಚ್ಚಾದರೆ ರಟ್ಟನ್ನು ಸರಿಸಿಕೊಳ್ಳಬಹುದು. ಎಲ್ಲ ಸರಿಹೋದ ಮೇಲೆ ಆ ರಟ್ಟಿನ ಪಟ್ಟಿಗಳನ್ನೇ ಬಡಗಿಯ ಕೈಗೆ ಕೊಡಿ.